ಭಾವನ ಅಂಗಡಿಗೆ ಆರು ಸಾಲು

ಭಾವ ದಿನಸಿ ಅಂಗಡಿ ಇಡುವಾಗ ಒಂದು ಮಾತು ಕೇಳಿದರು. "ಪೂಜೆ ದಿನ ಹೇಳೋಕೆ, ಆಮೇಲೆ ಗಲ್ಲಾಪೆಟ್ಟಿಗೆ ಮೇಲೆ ಬರೆಸೋಕೆ, ಸಣ್ಣದೊಂದು ಪದ್ಯ ಬರೆದುಕೊಡಪ್ಪ. ಮೋಸ ಬೇಡ ಅನ್ನೋದು ಇರಲಿ. ಲಾಭ ಅನ್ನೋ ಪದವೂ ಇರಲಿ."

ಅವರ ಎರಡನೇ ಮಾತು ನನಗೆ ಅರ್ಥವಾಯಿತು. ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯದನ್ನು 'ಒಂದು' ಎನ್ನುವುದಿಲ್ಲ, 'ಲಾಭ' ಎಂದೇ ಎಣಿಸುತ್ತಾರೆ. ಆಮೇಲೆ ಎರಡು, ಮೂರು. ಆ ಪದ ಬಿಟ್ಟರೆ ಅಂಗಡಿಯವರಿಗೆ ಪದ್ಯ ಹಿಡಿಸುವುದಿಲ್ಲ.

ಜಾಗ ಕಡಿಮೆ ಇದ್ದದ್ದರಿಂದ ಶರ ಷಟ್ಪದಿ ಆರಿಸಿದೆ. ಆರು ಸಾಲು. 1, 2, 4, 5ನೇ ಸಾಲಿನಲ್ಲಿ ನಾಲ್ಕು ಮಾತ್ರೆಯ ಎರಡು ಗಣ. 3 ಮತ್ತು 6ರಲ್ಲಿ ಅಂಥ ಮೂರು ಗಣ, ಕೊನೆಗೆ ಒಂದು ಗುರು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನವಾಗಿರಬೇಕು, ಅದು ಆದಿಪ್ರಾಸ.

ನಾನು ಪದ್ಯ ಬರೆಯುವ ಮೊದಲೇ ಪ್ರಾಸದ ಪದಗಳನ್ನು ಗುಡ್ಡೆ ಹಾಕಿಕೊಳ್ಳುತ್ತೇನೆ. 'ತಕ್ಕಡಿ' ಸಿಕ್ಕಿದ್ದೇ ತಡ, ಲೆಕ್ಕ, ಅಕ್ಕರೆ, ಮಕ್ಕಳು, ಮಿಕ್ಕ, ದಕ್ಕು, ತಕ್ಕ ಎಲ್ಲಾ ಬಂದವು. ಅಂಗಡಿಯೇ 'ಕ್ಕ'ದಲ್ಲಿದೆ, ಅಲ್ವಾ?

ಮೊದಲ ಕರಡಿನಲ್ಲಿ ಮೂರು ಕಡೆ ಎಡವಿದೆ. 'ತಕ್ಕಡಿ ಮುಳ್ಳಲಿ' ಎಂದಿದ್ದೆ. "ನಮ್ಮದು ಎಲೆಕ್ಟ್ರಾನಿಕ್ಕು, ಮುಳ್ಳೆಲ್ಲಿದೆ?" ಎಂದರು ಭಾವ. 'ತೂಕದಿ' ಎಂದು ಬದಲಿಸಿದೆ. ಮೂರನೇ ಸಾಲು 'ಅಕ್ಕರೆ ದಯಾಳು ಗಣನಾಥಾ' ಎಂದಿತ್ತು. ಮಾತ್ರೆ ಎಣಿಸಿದರೆ ಸರಿ, ಹಾಡಿದರೆ ಮುಗ್ಗರಿಸುತ್ತದೆ. 'ದಯಾಳು' ಲಘು-ಗುರು-ಲಘು, ಅಂದರೆ ಜಗಣ. ನಾಲ್ಕರ ನಡೆ ಅಲ್ಲಿ ಕುಂಟುತ್ತದೆ. ಬೆರಳಲ್ಲಿ ಎಣಿಸಿದರೆ ಇದು ಸಿಗುವುದಿಲ್ಲ, ತಾಳ ತಟ್ಟಿಯೇ ನೋಡಬೇಕು.

ಕೊನೆಯ ಸಾಲೇ ಹೆಚ್ಚು ಕಾಡಿದ್ದು. 'ಉಕ್ಕಲಿ ಲಾಭವು ದಿನದಿನವೂ' ಎಂದು ಬರೆದಿದ್ದೆ. ಭಾವನಿಗೆ ಖುಷಿ. ಆದರೆ ಮೇಲೆ ನ್ಯಾಯದ ತೂಕ ಬೇಡಿ, ಕೆಳಗೆ ಲಾಭ ಉಕ್ಕಲಿ ಅಂದರೆ ಗಣಪತಿ ಯಾವುದನ್ನು ಕೇಳಿಸಿಕೊಳ್ಳಬೇಕು? ಬೇಡಿಕೆಗೆ ಒಂದು ಮಿತಿ ಬೇಕಿತ್ತು. 'ತಕ್ಕ' ಮತ್ತು 'ಅನಿತೇ' ಸೇರಿಸಿದೆ, 'ತಕ್ಕನಿತೇ'. ನ್ಯಾಯವಾಗಿ ಬರಬೇಕಾದಷ್ಟು ಮಾತ್ರ. ಮೋಸ ಬೇಡ ಎಂದು ಸುಮ್ನೆ ಹೇಳುವ ಬದಲು ಚಿಲ್ಲರೆಯನ್ನೂ ತಂದೆ. ಮಕ್ಕಳ ಕೈಗೇ ಅಲ್ವಾ ಚಿಲ್ಲರೆ ಕಡಿಮೆ ಬರುವುದು?

ತಕ್ಕಡಿ ತೂಕದಿ
ಲೆಕ್ಕದ ಪುಟದಲಿ
ಅಕ್ಕರೆಯಿಂದಿರು ಗಣನಾಥಾ
ಮಕ್ಕಳು ಬಂದರು
ಮಿಕ್ಕುದ ಕೊಡಿಸೈ
ದಕ್ಕಲಿ ಲಾಭವು ತಕ್ಕನಿತೇ

ಬೋರ್ಡು ಬರೆಯುವವನು ಕೊನೆಗೆ 'ತಕ್ಕನಿತೆ' ಎಂದು ಗಿಡ್ಡ ಮಾಡಿಬಿಟ್ಟ. ಅಳಿಸಿ ಬರೆಸೋಣ ಎಂದರು ಭಾವ. ನಾನು ಬೇಡ ಎಂದೆ. ಆ ಜಾಗದಲ್ಲಿ ಲಘು ಬಂದರೂ ಗುರು ಎಂದೇ ಲೆಕ್ಕ.