ಕತ್ತು ಬಾಗಿದ ಗುಲಾಬಿ: ದಂಟು ಕಟ್ಟಿದೆಯೋ, ಹೂವಿಗೆ ವಯಸ್ಸಾಗಿದೆಯೋ?

ಒಂದೇ ಹೂದಾನಿಯಲ್ಲಿದ್ದ ಒಂಬತ್ತು ಕೆಂಪು ಗುಲಾಬಿಗಳಲ್ಲಿ ಎರಡು ಒಂದೇ ಬೆಳಿಗ್ಗೆ ತಲೆ ತಗ್ಗಿಸಿದ್ದವು. ಎರಡರ ಮುಖವೂ ಮೇಜಿನ ಕಡೆಗಿತ್ತು. ನಾನು ಒಂದು ಫೋಟೋ ತೆಗೆದುಕೊಂಡು, ಎರಡಕ್ಕೂ ಒಂದೇ ಉಪಚಾರ ಮಾಡಿದೆ: ದಂಟಿನ ತುದಿಯನ್ನು ಮತ್ತೆ ಕತ್ತರಿಸಿ ಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟೆ. ಎರಡು ಗಂಟೆಯಲ್ಲಿ ಒಂದು ಹೂವು ನೆಟ್ಟಗೆ ನಿಂತಿತು. ಇನ್ನೊಂದು, ಎತ್ತಿ ನೋಡಲು ಕೈ ಹಾಕಿದ ಕೂಡಲೇ ಅರ್ಧದಷ್ಟು ಎಸಳುಗಳನ್ನು ಉದುರಿಸಿತು. ಆಮೇಲೆ ಬೆಳಗಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದಾಗ, ಈ ಎರಡರ ನಡುವಿನ ವ್ಯತ್ಯಾಸ ಅದರಲ್ಲಿಯೇ ಸ್ಪಷ್ಟವಾಗಿ ಇತ್ತೆಂಬುದು ತಿಳಿಯಿತು. ನೋಡಬೇಕಾದ ಕಡೆ ನಾನು ನೋಡಿರಲಿಲ್ಲ, ಅಷ್ಟೆ.

ಆ ಹೂದಾನಿಯಲ್ಲಿ ಆರು ಹೂವುಗಳು ನಾಲ್ಕು ದಿನದ ಹಿಂದೆ ಇಟ್ಟವು. ಮೂರು ಮಾತ್ರ ಹಿಂದಿನ ಕಟ್ಟಿನಲ್ಲಿ ಉಳಿದವು, ಅವು ನೀರು ಕಂಡು ಹತ್ತು ದಿನಗಳಾಗಿದ್ದವು. ಉದುರಿದ್ದು ಹಳೆಯದು, ಚೇತರಿಸಿಕೊಂಡದ್ದು ಹೊಸದು. ಹಳೆಯವನ್ನು ಹೊಸವುಗಳ ಜೊತೆ ಬೆರೆಸಿದ್ದೇ ನನ್ನ ತಪ್ಪು, ಏಕೆಂದರೆ ಹಳೆಯ ದಂಟುಗಳ ತುದಿಯಲ್ಲಿದ್ದ ಲೋಳೆಯೊಡನೆ ಬ್ಯಾಕ್ಟೀರಿಯಾಗಳೂ ಹೊಸ ನೀರಿಗೆ ಬಂದಿದ್ದವು, ಮತ್ತು ಹೊಸ ಹೂವಿನ ದಂಟಿನೊಳಗೆ ನೀರು ಏರುವ ದಾರಿ ಮುಚ್ಚಿ ದಂಟು ಕಟ್ಟುವಂತೆ ಮಾಡಿದ್ದು ಬಹುಶಃ ಅವೇ.

ಫೋಟೋದಲ್ಲಿ ನಾನು ಈಗ ಮೊದಲು ನೋಡುವುದು ಬಾಗು ಎಲ್ಲಿದೆ ಎಂಬುದನ್ನು. ದಂಟು ಕಟ್ಟಿದ ಹೂವಿನಲ್ಲಿ, ಹೂದಾನಿಯ ಬಾಯಿಯಿಂದ ಮೇಲೆ ಬಹುದೂರ ದಂಟು ಕಡ್ಡಿಯಂತೆ ನೆಟ್ಟಗೆ ಇರುತ್ತದೆ. ತಲೆಯ ಕೆಳಗಿನ ಮೂರು ನಾಲ್ಕು ಸೆಂಟಿಮೀಟರ್ ಭಾಗ ಮಾತ್ರ ಕೊಕ್ಕೆಯಂತೆ ಮಡಿಯುತ್ತದೆ. ಇದಕ್ಕೆ ಕಾರಣ ಸರಳ. ಗುಲಾಬಿಯ ಕತ್ತು ದಂಟಿನ ಅತ್ಯಂತ ಎಳೆಯ ಭಾಗ. ಕೆಳಗಿನ ದಂಟಿನಂತೆ ಅದಿನ್ನೂ ಕಟ್ಟಿಗೆಯಾಗಿರುವುದಿಲ್ಲ. ಅದು ನಿಂತಿರುವುದು ಮುಖ್ಯವಾಗಿ ಒಳಗಿನ ನೀರಿನ ಒತ್ತಡದ ಬಲದಿಂದ. ಕೆಳಗಿನಿಂದ ನೀರು ಬರುವುದು ನಿಂತರೂ ಎಲೆಗಳೂ ಎಸಳುಗಳೂ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತಲೇ ಇರುತ್ತವೆ, ಆದ್ದರಿಂದ ಮೊದಲು ಸಡಿಲವಾಗುವುದು ಈ ಕತ್ತೇ, ಅದರ ಮೇಲೆ ಹೂವಿನ ಭಾರ ಬೇರೆ. ತೀರ ಎಳೆಯದಾಗಿ ಕೊಯ್ದ ಮೊಗ್ಗಿನ ಕತ್ತು ಇನ್ನೂ ಮೃದುವಾಗಿರುವುದರಿಂದ ಅದು ಇನ್ನೂ ಬೇಗ ಬಾಗುತ್ತದೆ. ಮೊಗ್ಗಿನ ಬುಡದ ಐದು ಹಸಿರು ಪತ್ರಗಳು ಮೇಲ್ಮುಖವಾಗಿ ಅದನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಿದ್ದರೆ ಅದು ಎಳೆಯದು. ಅವು ಅಡ್ಡಲಾಗಿ ಅಥವಾ ಕೆಳಕ್ಕೆ ಬಾಗಿದ್ದರೆ ಮೊಗ್ಗು ಬಲಿತೇ ಕೊಯ್ಲಾಗಿದೆ ಎನ್ನಬಹುದು.

ಎರಡನೆಯದಾಗಿ ನೋಡುವುದು, ಹೂವು ಎಷ್ಟು ಅರಳಿದೆ ಎಂಬುದನ್ನು. ಕಟ್ಟಿದ ದಂಟಿನ ಹೂವು ಬಾಗಿದ್ದರೂ ಅರ್ಧ ಅರಳಿದ ಸ್ಥಿತಿಯಲ್ಲೇ ನಿಂತುಬಿಟ್ಟಿರುತ್ತದೆ. ಎಸಳುಗಳ ಬಣ್ಣ ಮೊದಲಿನಂತೆಯೇ ಇರುತ್ತದೆ, ಅಂಚು ಮಾತ್ರ ಸ್ವಲ್ಪ ಸಡಿಲ. ಅದೇ ದಂಟಿನ ಎಲೆಗಳು ಜೋತು ಬಿದ್ದಿರುತ್ತವೆ, ಇಲ್ಲವೇ ಹಸಿರು ಬಣ್ಣದಲ್ಲಿಯೇ ಹಪ್ಪಳದಂತೆ ಒಣಗಿರುತ್ತವೆ. ವಯಸ್ಸಾದ ಹೂವಿನ ಕಥೆ ಬೇರೆ. ಅದರ ಎಸಳುಗಳು ಪೂರ್ತಿ ಹರಡಿ ನಡುವಿನ ಕೇಸರಗಳು ಕಾಣುತ್ತಿರುತ್ತವೆ, ಹೊರಗಿನ ಎಸಳುಗಳು ತೆಳುವಾಗಿ ಅಂಚು ಕಂದಿರುತ್ತದೆ, ಕೆಂಪು ಬಣ್ಣ ನೇರಳೆಯ ಕಡೆಗೆ ತಿರುಗಿರುತ್ತದೆ. ಎಸಳಿನ ಜೀವಕೋಶಗಳು ಮುದಿಯಾದಂತೆ ಅವುಗಳಲ್ಲಿನ ಪ್ರೋಟೀನು ಒಡೆದು, ಒಳಗಿನ ರಸದ ಹುಳಿತನ ಕಡಿಮೆಯಾಗುವುದೇ ಈ ನೇರಳೆ ಛಾಯೆಗೆ ಕಾರಣ. ಇಲ್ಲಿ ಕತ್ತು ಹೆಚ್ಚಾಗಿ ಕೊಕ್ಕೆಯಾಗುವುದಿಲ್ಲ. ಇಡೀ ತಲೆ ಸಡಿಲವಾದ ಬುಟ್ಟಿಯಂತೆ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ, ಎಲೆಗಳು ಮಾತ್ರ ಎಷ್ಟೋ ವೇಳೆ ಇನ್ನೂ ಚೆನ್ನಾಗಿಯೇ ಇರುತ್ತವೆ. ಎಲೆ ಚೆನ್ನಾಗಿದ್ದು ಹೂವು ಮಾತ್ರ ಸೋತಿದ್ದರೆ ದಂಟಿನಲ್ಲಿ ನೀರು ಹರಿಯುತ್ತಿದೆ ಎಂದೇ ಅರ್ಥ. ನನ್ನ ಮಟ್ಟಿಗೆ ಫೋಟೋ ಕೊಡುವ ಅತ್ಯಂತ ನಂಬಿಕೆಯ ಸುಳಿವು ಇದೇ; ಬಾಗಿನ ಆಕಾರ ಕೆಲವೊಮ್ಮೆ ಮೋಸ ಮಾಡಬಹುದು, ಎಲೆ ಅಪರೂಪಕ್ಕೆ ಮಾತ್ರ.

ಆದರೆ ಈ ಗುರುತುಗಳು ಕಾಣಬೇಕಾದರೆ ಫೋಟೋ ಹಾಗೆ ತೆಗೆದಿರಬೇಕು. ನಾನು ಮೊದಲು ಹೂಗಳ ಚಿತ್ರವನ್ನು ಮೇಲಿನಿಂದ ತೆಗೆಯುತ್ತಿದ್ದೆ. ಹೂವು ಸುಂದರವಾಗಿ ಕಾಣುತ್ತಿತ್ತು, ಕತ್ತು ಮಾತ್ರ ಹೂವಿನ ಹಿಂದೆ ಅಡಗಿರುತ್ತಿತ್ತು. ಈಗ ಕ್ಯಾಮೆರಾವನ್ನು ಕತ್ತಿನ ಎತ್ತರಕ್ಕೇ ಇಳಿಸಿ ಪಕ್ಕದಿಂದ ತೆಗೆಯುತ್ತೇನೆ, ಹೂದಾನಿಯ ಬಾಯಿಯೂ ನೀರಿನ ಮಟ್ಟವೂ ಚೌಕಟ್ಟಿನೊಳಗೆ ಬರುವಂತೆ ನೋಡಿಕೊಳ್ಳುತ್ತೇನೆ. ಬಾಯಿ ಕಾಣದಿದ್ದರೆ, ಅಗಲವಾದ ಹೂದಾನಿಯಲ್ಲಿ ಇಡೀ ದಂಟೇ ವಾಲಿರುವುದನ್ನು ಕತ್ತು ಬಾಗಿದೆಯೆಂದು ತಪ್ಪು ತಿಳಿಯುವ ಸಂಭವವಿದೆ. ಹಿಂದೆ ಒಂದು ಬಿಳಿ ಹಾಳೆ, ಕಿಟಕಿಯ ಬೆಳಕು, ಫ್ಲ್ಯಾಷ್ ಇಲ್ಲ, ಪ್ರತಿದಿನ ಅದೇ ಹೊತ್ತು. ಹಳದಿ ದೀಪದ ಕೆಳಗೆ ತೆಗೆದ ಚಿತ್ರದಲ್ಲಿ ನೇರಳೆ ಛಾಯೆ ಅಳಿಸಿಹೋಗುತ್ತದೆ. ಫೋನು ತಾನಾಗಿಯೇ ಬಣ್ಣ ಸರಿಪಡಿಸುವುದರಿಂದ ಒಂದೇ ಹೂವು ಎರಡು ಚಿತ್ರಗಳಲ್ಲಿ ಎರಡು ಬಣ್ಣವಾಗಿ ಕಾಣಬಹುದು. ಬಿಳಿ ಹಾಳೆ ಎರಡರಲ್ಲೂ ಒಂದೇ ಬಿಳುಪಾಗಿದ್ದರೆ ಮಾತ್ರ ನಾನು ಬಣ್ಣವನ್ನು ಹೋಲಿಸುತ್ತೇನೆ.

ಒಂದೇ ಚಿತ್ರಕ್ಕಿಂತ ಸಾಲಾಗಿ ತೆಗೆದ ನಾಲ್ಕು ದಿನಗಳ ಚಿತ್ರಗಳು ಹೆಚ್ಚು ಹೇಳುತ್ತವೆ. ಕಟ್ಟಿದ ದಂಟು ಸಂಜೆ ನೆಟ್ಟಗಿದ್ದು ಬೆಳಿಗ್ಗೆ ಜೋತಿರುತ್ತದೆ. ವಯಸ್ಸು ಹಾಗಲ್ಲ, ದಿನಕ್ಕೊಂದಿಷ್ಟು ಬರುತ್ತದೆ.

ಇದು ನನ್ನ ಊಹೆಯೋ ನಿಜವೋ ಎಂದು ತಿಳಿಯಲು ಮುಂದಿನ ಸಲ ಬೇಕೆಂದೇ ಒಂದು ಹಳೆಯ ಹೂವನ್ನೂ ಒಂದು ಹೊಸದನ್ನೂ ಒಟ್ಟಿಗೆ ಇಟ್ಟು, ದಂಟುಗಳಿಗೆ ದಾರ ಕಟ್ಟಿ ಗುರುತು ಮಾಡಿ, ಪ್ರತಿ ಬೆಳಿಗ್ಗೆ ನೀರೊರೆಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಹೊಸ ಹೂವು ಮೊದಲ ದಿನ 38 ಗ್ರಾಂ ಇತ್ತು. ಎರಡನೆಯ ದಿನ 39.5ಕ್ಕೆ ಏರಿತು, ಮೂರನೆಯ ದಿನ 39, ನಾಲ್ಕನೆಯ ಬೆಳಿಗ್ಗೆ ಒಮ್ಮೆಲೇ 35.5ಕ್ಕೆ ಕುಸಿಯಿತು, ಮತ್ತು ಕತ್ತು ಬಾಗಿದ್ದು ಅದೇ ಬೆಳಿಗ್ಗೆ. ಹಳೆಯದು ದಿನಕ್ಕೆ ಸುಮಾರು ಒಂದು ಗ್ರಾಂನಂತೆ ನಿಧಾನವಾಗಿ ಇಳಿದು ಆ ಹೊತ್ತಿಗೆ 36 ಗ್ರಾಂ ಆಗಿತ್ತು. ತೂಕ ಏರುತ್ತಿರುವವರೆಗೆ ಹೂವು ಕಳೆದುಕೊಳ್ಳುವುದಕ್ಕಿಂತ ಹೆಚ್ಚು ನೀರು ಕುಡಿಯುತ್ತಿದೆ ಎಂದರ್ಥ. ಹೂವು ಪೂರ್ತಿ ಅರಳುವ ಮೊದಲೇ ತೂಕ ಥಟ್ಟನೆ ಬಿದ್ದರೆ ತೊಂದರೆ ದಂಟಿನಲ್ಲಿದೆ.

ಆಮೇಲೆ ಎರಡನ್ನೂ ಪರೀಕ್ಷೆಗೆ ಒಡ್ಡಿದೆ. ದಂಟಿನ ತುದಿಯನ್ನು ನೀರಿನೊಳಗೆ ಮುಳುಗಿಸಿಟ್ಟುಕೊಂಡೇ, ಹರಿತವಾದ ಚಾಕುವಿನಿಂದ ಐದು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿದೆ; ಗಾಳಿಯಲ್ಲಿ ಕತ್ತರಿಸಿದರೆ ನೀರಿನ ನಾಳಗಳು ಕ್ಷಣಮಾತ್ರದಲ್ಲಿ ಗಾಳಿಯನ್ನು ಹೀರಿಕೊಳ್ಳುತ್ತವೆ. ಹೆಚ್ಚಿನ ಎಲೆಗಳನ್ನು ತೆಗೆದೆ. ಹೂವಿನ ತಲೆಯನ್ನು ನೆಟ್ಟಗೆ ಹಿಡಿದು, ದಂಟನ್ನೂ ಕತ್ತನ್ನೂ ಸೇರಿಸಿ ಹಳೆಯ ವೃತ್ತಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಕೈಗೆ ಬೆಚ್ಚಗೆನಿಸುವ ಸುಮಾರು 40 ಡಿಗ್ರಿ ಸೆಲ್ಸಿಯಸ್ ನೀರಿದ್ದ ಎತ್ತರದ ಪಾತ್ರೆಯಲ್ಲಿ ಕತ್ತಿನವರೆಗೆ ಇಳಿಸಿದೆ. ಬೆಚ್ಚಗಿನ ನೀರು ತಣ್ಣೀರಿಗಿಂತ ಸಲೀಸಾಗಿ ಹರಿಯುತ್ತದೆ, ಅದರಲ್ಲಿ ಕರಗಿದ ಗಾಳಿಯೂ ಕಡಿಮೆ. ಕಾಗದ ಸುತ್ತುವುದನ್ನು ಬಿಟ್ಟರೆ ಕತ್ತು ಬಾಗಿದ ಭಂಗಿಯಲ್ಲಿಯೇ ನೀರು ತುಂಬಿಕೊಂಡು ಹಾಗೆಯೇ ಗಟ್ಟಿಯಾಗುತ್ತದೆ. ಆ ರೀತಿ ಕುಡಗೋಲಿನಂತಾದ ಗುಲಾಬಿಯೊಂದನ್ನು ನಾನು ವಾರವಿಡೀ ನೋಡಬೇಕಾಗಿತ್ತು.

ತೂಕ ಹೋಲಿಸಬೇಕಾದರೆ ಕತ್ತರಿಸಿ ಎಲೆ ತೆಗೆದ ಮೇಲೆ ಮತ್ತೊಮ್ಮೆ ತೂಗಲೇಬೇಕು. ಹೊಸ ಹೂವು ಆಗ 33 ಗ್ರಾಂ ಇತ್ತು, ಎರಡು ಗಂಟೆಯ ಬಳಿಕ 36.5 ಆಯಿತು, ಕಾಗದ ಬಿಚ್ಚಿದಾಗ ಕತ್ತು ನೆಟ್ಟಗಿತ್ತು. ಹಳೆಯದು 34.5ರಿಂದ 35ಕ್ಕೆ ಬಂತು, ತಲೆ ಮೊದಲಿನಂತೆಯೇ ವಾಲಿತ್ತು. ಹೊಸದರ ಕತ್ತರಿಸಿದ ತುಂಡನ್ನು ಬೆರಳಿನಿಂದ ಉಜ್ಜಿದರೆ ಜಾರುತ್ತಿತ್ತು, ತುದಿ ಕಂದು ಬಣ್ಣಕ್ಕೆ ತಿರುಗಿತ್ತು.

ಈ ಪರೀಕ್ಷೆಯೂ ಒಂದು ಸಲ ನನ್ನನ್ನು ದಾರಿ ತಪ್ಪಿಸಿತು. ಬೇರೊಂದು ಗುಲಾಬಿ ಹೂದಾನಿಗೆ ಇಟ್ಟ ಮೊದಲ ದಿನವೇ ಬಾಗಿತು. ನೀರು ತಿಳಿಯಾಗಿತ್ತು, ತುದಿಯಲ್ಲಿ ಲೋಳೆ ಇರಲಿಲ್ಲ. ಎರಡು ಸೆಂಟಿಮೀಟರ್ ಕತ್ತರಿಸಿದೆ, ಏಳಲಿಲ್ಲ. ಮುದಿಯಾಗಿದೆಯೆಂದು ಎಸೆಯುವ ಮೊದಲು ಫೋಟೋ ನೋಡಿದರೆ ಮೊಗ್ಗು ಇನ್ನೂ ಅರಳಿಯೇ ಇರಲಿಲ್ಲ, ಆದ್ದರಿಂದ ವಯಸ್ಸಿನ ಮಾತೇ ಬರುವಂತಿರಲಿಲ್ಲ. ಇನ್ನೂ ಏಳು ಸೆಂಟಿಮೀಟರ್ ತೆಗೆದ ಮೇಲೆ ಅದು ನಿಂತಿತು. ಬ್ಯಾಕ್ಟೀರಿಯಾದ ತಡೆ ಹೆಚ್ಚಾಗಿ ದಂಟಿನ ಕೆಳಗಿನ ಕೆಲವೇ ಸೆಂಟಿಮೀಟರುಗಳಲ್ಲಿ ಇರುತ್ತದೆ. ಒಣಗಿದ್ದ ದಂಟು ಒಳಕ್ಕೆ ಎಳೆದುಕೊಂಡ ಗಾಳಿ ಮಾತ್ರ ನಾಳ ಎಷ್ಟು ಉದ್ದವಿದೆಯೋ ಅಷ್ಟು ಮೇಲಕ್ಕೆ ಹೋಗಿರಬಹುದು. ಈ ಎರಡು ತಡೆಗಳಲ್ಲಿ ಬಾಗು ಒಂದೇ ರೀತಿ ಕಾಣುತ್ತದೆ. ಅವುಗಳನ್ನು ಬೇರ್ಪಡಿಸಲು ಬಾಗಿದ ದಿನ, ನೀರಿನ ತಿಳಿತನ, ತುದಿಯ ಲೋಳೆ ಇವನ್ನೇ ನೋಡಬೇಕು. ಅದಕ್ಕೆಂದೇ ಈಗ ದಂಟಿನ ತುದಿಯದೂ ಒಂದು ಚಿತ್ರ ಹತ್ತಿರದಿಂದ ತೆಗೆದಿಡುತ್ತೇನೆ.

ಬಿಳಿ ಗುಲಾಬಿಯಲ್ಲಿ ನೇರಳೆ ಛಾಯೆಯ ಸಹಾಯವಿಲ್ಲ. ಅಲ್ಲಿ ಎಸಳಿನ ಅಂಚಿನ ಕಂದು ಬಣ್ಣ, ಅರಳಿದ ಮಟ್ಟ ಮತ್ತು ಎಲೆಗಳ ಮೇಲೆಯೇ ತೀರ್ಮಾನಿಸುತ್ತೇನೆ. ಕತ್ತಿನಲ್ಲಿ ಬಾಗು ಕಮಾನಿನಂತೆ ಇರದೆ, ಮಡಿಸಿದ ಕಾಗದದಂತೆ ಗೆರೆ ಬಿದ್ದಿದ್ದರೆ ದಂಟು ಕಟ್ಟಿದ್ದೇ ಕಾರಣವಾದರೂ ಅದನ್ನು ಎಬ್ಬಿಸಲು ನನಗೆ ಒಮ್ಮೆಯೂ ಸಾಧ್ಯವಾಗಿಲ್ಲ. ಅಂಥದನ್ನು ಕತ್ತಿನ ಕೆಳಗೆ ಕತ್ತರಿಸಿ ಅಗಲವಾದ ಬಟ್ಟಲಿನ ನೀರಿನಲ್ಲಿ ತೇಲಿಬಿಡುತ್ತೇನೆ. ಚೇತರಿಸಿಕೊಂಡವನ್ನು ಚೆನ್ನಾಗಿ ಉಜ್ಜಿ ತೊಳೆದ ಹೂದಾನಿಯಲ್ಲಿ, ಲೀಟರಿಗೆ ಕಾಲು ಚಮಚೆಯಷ್ಟು ಬಟ್ಟೆಯ ಬ್ಲೀಚ್ ಬೆರೆಸಿದ ಹೊಸ ನೀರಿನಲ್ಲಿ ಇಡುತ್ತೇನೆ, ಹಳೆಯ ಹೂವುಗಳಿಗೆ ಬೇರೆ ಪಾತ್ರೆ ಕೊಡುತ್ತೇನೆ.