ಸ್ಟ್ರಿಪ್ ಒಂದು, ಬ್ಯಾಚ್ ನಂಬರ್ ಎರಡು

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಕೌಂಟರ್ ಮೇಲಿನ ಕೆಲಸದಷ್ಟೇ ಈಗ ವಾಟ್ಸಾಪ್ ಕೆಲಸವೂ ಇರುತ್ತದೆ. ಬೇರೆ ಕಡೆ ಗುಳಿಗೆ ತಗೊಂಡು ನನಗೆ ಫೋಟೋ ಕಳಿಸಿ "ಅಣ್ಣಾರ, ಇದು ಒರಿಜಿನಲ್ ಐತೇನ್ರೀ?" ಅಂತ ಕೇಳುವವರೇ ಜಾಸ್ತಿ.

ಮೊನ್ನೆ ಹೀಗೇ ಹಳ್ಳಿಯ ಹುಡುಗನೊಬ್ಬ ಅವರಪ್ಪನ ಬಿಪಿ ಗುಳಿಗೆಯ ಫೋಟೋ ಕಳಿಸಿದ. ಟೆಲ್ಮಿಸಾರ್ಟನ್ 40. ಪರಿಚಯದವರೊಬ್ಬರು ಅರ್ಧ ರೇಟಿಗೆ ತಂದುಕೊಟ್ಟಿದ್ದರಂತೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋ, ಫಾಯಿಲ್ ತುಂಬ ಬರೀ ಬೆಳಕು, ಒಂದಕ್ಷರ ಕಾಣುವುದಿಲ್ಲ. ಫ್ಲ್ಯಾಶ್ ಬಂದ್ ಮಾಡು, ಬಾಗಿಲ ಹತ್ತಿರ ಹೋಗಿ ಬೆಳಕು ಪಕ್ಕದಿಂದ ಬೀಳೋ ಹಾಗೆ ಸ್ಟ್ರಿಪ್ ಸ್ವಲ್ಪ ಓರೆ ಹಿಡಿ, ಇರೋ ಸ್ಟ್ರಿಪ್ ಎಲ್ಲಾ ಸಾಲಾಗಿ ಇಟ್ಟು ತೆಗಿ, ಆಮೇಲೆ ಫೋಟೋ ಅಂತ ಕಳಿಸಬೇಡ, ಡಾಕ್ಯುಮೆಂಟ್ ಅಂತ ಕಳಿಸು ಅಂದೆ. ಇಲ್ಲದಿದ್ದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸಿಬಿಡುತ್ತದೆ, ಸಣ್ಣ ಅಕ್ಷರದ ಅಂಚು ಹೋಗುತ್ತದೆ. ನಮಗೆ ಬೇಕಾಗಿರೋದೇ ಆ ಅಂಚು.

ಮೂರು ಸ್ಟ್ರಿಪ್ ಇದ್ದವು. ಅದೇ ಕಂಪನಿಯ ಅದೇ ಗುಳಿಗೆ ನನ್ನ ರ‍್ಯಾಕಿನಲ್ಲೂ ಇತ್ತು, ತೆಗೆದು ಪಕ್ಕಕ್ಕಿಟ್ಟುಕೊಂಡೆ. ಇದು ಇಲ್ಲದೆ ನಾನು ಯಾವ ಫೋಟೋಗೂ ಉತ್ತರ ಕೊಡುವುದಿಲ್ಲ. ಒಮ್ಮೆ ಹಾಗೇ ನೋಡಿ, ಸೀಲಿನ ಗೆರೆ ಬೇರೆ ಥರ ಇದೆ, ಡೂಪ್ಲಿಕೇಟ್ ಇರಬೇಕು ಅಂತ ಒಬ್ಬರಿಗೆ ಹೇಳಿಬಿಟ್ಟಿದ್ದೆ. ಕಂಪನಿ ಬೇರೆ ಫ್ಯಾಕ್ಟರಿಯಲ್ಲಿ ಮಾಡಿಸಿತ್ತು ಅಷ್ಟೇ, ಸ್ಟ್ರಿಪ್ ಮೇಲೆ ವಿಳಾಸ, ಲೈಸೆನ್ಸ್ ನಂಬರ್ ಎರಡೂ ಬೇರೆ ಇದ್ದವು. ಅವನ್ನು ಓದದೆ ಬಾಯಿ ಬಿಟ್ಟಿದ್ದು ನನ್ನ ತಪ್ಪು.

ಈ ಸಲ ಮೊದಲು ಕಣ್ಣಿಗೆ ಬಿದ್ದದ್ದು ಬ್ಯಾಚ್ ನಂಬರಿನ ಜಾಗ. ನನ್ನ ಹತ್ತಿರ ಇದ್ದ ಸ್ಟ್ರಿಪ್‌ಗಳಲ್ಲಿ ಗುಳಿಗೆಯ ಹೆಸರು, ವಿಳಾಸ ಎಲ್ಲಾ ಫಾಯಿಲ್ ರೋಲಿನ ಮೇಲೆ ಮೊದಲೇ ಅಚ್ಚಾಗಿ ಬಂದಿರುತ್ತವೆ. ಬ್ಯಾಚ್, ತಯಾರಾದ ತಿಂಗಳು, ಎಕ್ಸ್‌ಪೈರಿ, ಬೆಲೆ ಇವನ್ನು ಪ್ಯಾಕಿಂಗ್ ಮಾಡುವಾಗ ಮೆಷಿನ್ ಮೇಲೆ ಬೇರೆ ಹೊಡೆಯುತ್ತಾರೆ. ಅದಕ್ಕೇ ಆ ಕಪ್ಪು ಶಾಯಿ ಬೇರೆ, ಸ್ಟ್ರಿಪ್‌ನಿಂದ ಸ್ಟ್ರಿಪ್‌ಗೆ ಒಂದೆರಡು ಮಿಲಿಮೀಟರ್ ಆಚೆ ಈಚೆ ಸರಿದಿರುತ್ತದೆ. ಹುಡುಗನ ಮೂರೂ ಸ್ಟ್ರಿಪ್‌ನಲ್ಲಿ ಅದು ಕೂದಲೆಳೆಯಷ್ಟೂ ಸರಿದಿರಲಿಲ್ಲ, ಶಾಯಿಯೂ ಹೆಸರಿನ ಶಾಯಿಯೇ. ಎಲ್ಲಾ ಒಟ್ಟಿಗೇ ಅಚ್ಚು ಹಾಕಿದ ಹಾಗಿತ್ತು. ಹಾಗಂತ ಇದೊಂದೇ ಸಾಕಾಗುವುದಿಲ್ಲ, ಕೆಲವು ಕಂಪನಿಗಳು ಪೂರ್ತಿ ಫಾಯಿಲನ್ನೇ ಪ್ಯಾಕಿಂಗ್ ಮೆಷಿನ್ ಮೇಲೆ ಪ್ರಿಂಟ್ ಮಾಡುತ್ತವೆ. ಈ ಕಂಪನಿ ಹಾಗೆ ಮಾಡುತ್ತಿರಲಿಲ್ಲ ಅನ್ನೋದೇ ಇಲ್ಲಿನ ವಿಷಯ.

ಆಮೇಲೆ ತಿಂಗಳು ಲೆಕ್ಕ ಹಾಕಿದೆ. ನನ್ನಲ್ಲಿದ್ದ ಒಂದು ಬ್ಯಾಚ್ 03/2024ರಲ್ಲಿ ತಯಾರಾಗಿ 02/2027ಕ್ಕೆ ಮುಗಿಯುತ್ತದೆ, ಅಂದರೆ ಪೂರ್ತಿ 36 ತಿಂಗಳು. ಉಳಿದ ಬ್ಯಾಚ್‌ಗಳೂ ಹಾಗೇ. ಹುಡುಗನದು 06/2024ರಿಂದ 11/2026, ಬರೀ 30 ತಿಂಗಳು. ಒಂದೇ ಕಂಪನಿ, ಒಂದೇ ಫ್ಯಾಕ್ಟರಿ, ಅದೇ ಗುಳಿಗೆ, ಮೂರೇ ತಿಂಗಳಲ್ಲಿ ಆಯುಷ್ಯ ಆರು ತಿಂಗಳು ಕಮ್ಮಿ ಆಗುತ್ತದಾ?

ಮೂರನೆಯದು ಕ್ಯೂಆರ್ ಕೋಡ್. 2023ರ ಆಗಸ್ಟ್ 1ರ ನಂತರ ತಯಾರಾದ 300 ಹೆಸರಾಂತ ಬ್ರ್ಯಾಂಡ್‌ಗಳ ಮೇಲೆ ಇದು ಇರಲೇಬೇಕು, ಬ್ಯಾಚ್ ಮತ್ತು ಎಕ್ಸ್‌ಪೈರಿ ಅದರೊಳಗೂ ಇರಬೇಕು. ಸ್ಕ್ಯಾನ್ ಆಯಿತು ಅಂದ ಕೂಡಲೇ ಜನ ನಂಬಿಬಿಡುತ್ತಾರೆ. ಆದರೆ ಕೋಡನ್ನೂ ನಕಲು ಮಾಡಬಹುದಲ್ವಾ? ಸ್ಕ್ಯಾನ್ ಮಾಡಿ ಅದು ಹೇಳೋದನ್ನೂ ಸ್ಟ್ರಿಪ್ ಹೇಳೋದನ್ನೂ ಅಕ್ಷರ ಅಕ್ಷರ ಹೋಲಿಸಬೇಕು. ಇಲ್ಲಿ ಅಚ್ಚಾದ ಬ್ಯಾಚ್ ನಂಬರಿನ ಕೊನೆಗೆ 17, ಕೋಡಿನೊಳಗೆ 71. ಎಕ್ಸ್‌ಪೈರಿ ಕೋಡಿನಲ್ಲಿ 02/2027. ಯಾವುದೋ ಒಳ್ಳೆ ಸ್ಟ್ರಿಪ್‌ನ ಕೋಡ್ ಎತ್ತಿ ಇಲ್ಲಿ ಅಂಟಿಸಿದ್ದಾರೆ ಅನ್ನಿಸಿತು.

ಕಂಪನಿಗೆ ಫೋಟೋ ಸಮೇತ ಮೇಲ್ ಹಾಕಿದೆ. ವಿಳಾಸ ತಗೊಂಡದ್ದು ನನ್ನ ಬಾಕ್ಸ್ ಮೇಲಿಂದ, ಅನುಮಾನದ ಸ್ಟ್ರಿಪ್ ಮೇಲಿಂದ ಅಲ್ಲ. 17ರ ಬ್ಯಾಚ್ ನಾವು ಮಾಡಿಯೇ ಇಲ್ಲ ಅಂತ ಉತ್ತರ ಬಂತು. ಉತ್ತರ "ಮಾಡಿದ್ದೇವೆ" ಅಂತ ಬಂದಿದ್ದರೂ ನಾನು ಪೂರ್ತಿ ನಂಬುತ್ತಿರಲಿಲ್ಲ, ಯಾಕಂದರೆ ನಿಜವಾದ ಬ್ಯಾಚ್ ನಂಬರನ್ನೇ ಕದ್ದು ಹಾಕುವವರೂ ಇದ್ದಾರೆ. ಒಳಗಿನ ಗುಳಿಗೆಯಲ್ಲಿ ಔಷಧಿ ಎಷ್ಟಿದೆ ಅನ್ನೋದು ಫೋಟೋದಿಂದ ಗೊತ್ತಾಗೋದಿಲ್ಲ, ಅದು ಲ್ಯಾಬಿನ ಕೆಲಸ.

ಹುಡುಗನಿಗೆ ಫೋನ್ ಮಾಡಿ, ಗುಳಿಗೆ ನಿಲ್ಲಿಸಬೇಡ, ಬಿಲ್ ಇರೋ ಹೊಸ ಸ್ಟ್ರಿಪ್ ಇವತ್ತೇ ಶುರು ಮಾಡು, ಅಪ್ಪನ ಬಿಪಿ ಡಾಕ್ಟರ ಹತ್ತಿರ ತೋರಿಸು, ಹಳೇ ಸ್ಟ್ರಿಪ್ ಎಸೀಬೇಡ ಅಂದೆ. ಮರುದಿನ ಮೂರೂ ಸ್ಟ್ರಿಪ್ ಹಿಡಿದು ಇಬ್ಬರೂ ಡ್ರಗ್ ಇನ್ಸ್‌ಪೆಕ್ಟರ ಹತ್ತಿರ ಹೋದೆವು. ಅವರು ಸ್ಟ್ರಿಪ್ ತಿರುಗಿಸಿ ನೋಡಿ ಮೊದಲು ಕೇಳಿದ್ದು, "ಬಿಲ್ ಎಲ್ಲೈತಿ?"

ಹುಡುಗ ನನ್ನ ಮುಖ ನೋಡಿದ.