ಸಂದರ್ಶನ ಮಾಡುವವರೂ ಡಾಕ್ಟರೇ ಆಗಿದ್ದಾಗ: ವಿಧಾನದ ಅಧ್ಯಾಯ ಬರೆದ ಅನುಭವ

ನಾನು ಮನೋವೈದ್ಯೆ. ರೋಗಿ ಒಪ್ಪದಿದ್ದರೂ ಆಸ್ಪತ್ರೆಗೆ ದಾಖಲು ಮಾಡುವ ನಿರ್ಧಾರವನ್ನು ವೈದ್ಯರು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದು ನನ್ನ ಅಧ್ಯಯನದ ವಿಷಯ. ಅದಕ್ಕಾಗಿ ಕರ್ನಾಟಕದ ಕೆಲವು ಜಿಲ್ಲೆಗಳ ಮನೋವೈದ್ಯರನ್ನು ಮಾತನಾಡಿಸಿದೆ. ಇಂಥ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ‘ಸಂದರ್ಶಕಿ ಸ್ವತಃ ಮನೋವೈದ್ಯೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಆ ಸಾಲಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ನಾನು ಮನೋವೈದ್ಯೆ ಆಗಿದ್ದರಿಂದ ಸಿಕ್ಕ ಉತ್ತರಗಳು ಹೇಗೆ ಬದಲಾದವು, ಅದಕ್ಕೆ ನಾನು ಏನು ಮಾಡಿದೆ ಎಂಬುದನ್ನು ಬರೆಯಬೇಕಿತ್ತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 89ರ ಪ್ರಕಾರ ಹೀಗೆ ದಾಖಲು ಮಾಡಲು ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ರೋಗಿಯ ಪರವಾಗಿ ನಿಲ್ಲುವವರ, ಅರ್ಜಿ ಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು. ಅವಧಿ ಗರಿಷ್ಠ 30 ದಿನ. ಇದು ವೈದ್ಯರಿಗೆಲ್ಲ ಬಾಯಿಪಾಠ. ‘ನೀವು ಹೇಗೆ ನಿರ್ಧರಿಸುತ್ತೀರಿ?’ ಎಂದು ಕೇಳಿದರೆ ಕಾಯ್ದೆಯನ್ನೇ ಒಪ್ಪಿಸುತ್ತಾರೆ. ಹಾಗಾಗಿ ಆ ಪ್ರಶ್ನೆಯನ್ನು ಮೊದಲಿಗೆ ಕೇಳುವುದನ್ನು ಬಿಟ್ಟು, ‘ಈಚೆಗೆ ನೀವು ದಾಖಲು ಮಾಡಿದ ಒಂದು ಕೇಸ್ ನೆನಪಿಸಿಕೊಳ್ಳಿ. ಯಾರು ಕರೆತಂದರು, ಬಾಗಿಲಲ್ಲಿ ಏನಾಯಿತು, ಮೊದಲು ಯಾರ ಜೊತೆ ಮಾತಾಡಿದಿರಿ?’ ಎಂದು ಶುರು ಮಾಡಿದೆ. ಈ ಬದಲಾವಣೆಯನ್ನೂ ಅದರ ಕಾರಣವನ್ನೂ ವಿಧಾನದ ಅಧ್ಯಾಯದಲ್ಲಿ ಬರೆದೆ.

ಹೆಚ್ಚು ಕಷ್ಟವಾದದ್ದು ‘ನಿಮಗೆ ಗೊತ್ತಲ್ಲ ಮೇಡಂ’ ಎಂಬ ಮಾತು. ಜಿಲ್ಲಾ ಆಸ್ಪತ್ರೆಯ ಒಬ್ಬ ವೈದ್ಯರು ಹೇಳಿದ್ದು: ‘ಅಣ್ಣ-ತಮ್ಮಂದಿರು ಹಿಡ್ಕೊಂಡ್ ಬಂದಿದ್ರು. ಅವನು ಬೇಡ ಅಂತಿದ್ದ. ನಾನು ಸ್ವಲ್ಪ ಹೊತ್ತು ಕೂತು ಮಾತಾಡ್ದೆ, ಆಮೇಲೆ ಅವನೇ ಸೈನ್ ಹಾಕ್ದ. ಹೇಗಿರತ್ತೆ ಅಂತ ನಿಮಗೆ ಗೊತ್ತಲ್ಲ ಮೇಡಂ.’ ನನಗೆ ಗೊತ್ತಿತ್ತು, ಅದೇ ತೊಡಕು. ಅವರು ಬಿಟ್ಟ ಜಾಗವನ್ನು ನನ್ನ ವಾರ್ಡಿನ ಅನುಭವದಿಂದ ತುಂಬಿದರೆ ಅದು ಅವರ ಮಾತಾಗಿ ಉಳಿಯುವುದಿಲ್ಲ. ‘ನನ್ನ ಕಡೆ ಬೇರೆ ಥರ ಇರಬಹುದು, ನೀವೇನು ಹೇಳಿದ್ರಿ ಅದನ್ನೇ ಹೇಳಿ’ ಎಂದೆ. ಸ್ವಲ್ಪ ಸುಮ್ಮನಿದ್ದು ಅವರು ಹೇಳಿದರು: ‘ನೀನೇ ಸೈನ್ ಹಾಕಿದ್ರೆ ಬೇಗ ಮನೆಗೆ ಹೋಗಬಹುದು, ಇಲ್ಲಾಂದ್ರೆ ಅಣ್ಣಂದಿರು ಹಾಕ್ತಾರೆ ಅಂದೆ.’ ದಾಖಲೆಯ ಪ್ರಕಾರ ಅದು ಸೆಕ್ಷನ್ 86ರ ಸ್ವಂತ ಇಚ್ಛೆಯ ದಾಖಲಾತಿ. ಒತ್ತಾಯದ ದಾಖಲಾತಿಗಳನ್ನು ಸೆಕ್ಷನ್ 89ರ ಕಡತಗಳಲ್ಲಿ ಮಾತ್ರ ಹುಡುಕಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಸಂದರ್ಶನದ ಒಂದೊಂದು ಭಾಗಕ್ಕೂ ಅದರ ಅರ್ಥ ಹೇಳುವ ಚಿಕ್ಕ ಹೆಸರು, ಅಂದರೆ ಕೋಡ್, ಕೊಡುತ್ತೇವೆ. ಆ ಭಾಗಕ್ಕೆ ನಾನು ಮೊದಲು ಕೊಟ್ಟ ಕೋಡ್ ‘ರೋಗಿಯ ಮನವೊಲಿಕೆ’. ಎರಡನೇ ಓದುಗರಾಗಿ ನನ್ನ ಜೊತೆ ಸಂದರ್ಶನಗಳನ್ನು ಓದುತ್ತಿದ್ದ ಸಮಾಜಕಾರ್ಯಕರ್ತೆ, ‘ಮನವೊಲಿಕೆ ಅನ್ನೋದು ಡಾಕ್ಟರ್ ಕಡೆಯ ಮಾತು ಮೇಡಂ. ಅವನಿಗಿದ್ದ ಎರಡನೇ ದಾರಿ ಯಾವುದು?’ ಎಂದು ಕೇಳಿದರು. ಕೋಡ್ ‘ಪರ್ಯಾಯ ತೋರಿಸಿ ಪಡೆದ ಸಹಿ’ ಎಂದಾಯಿತು. ಹಳೆಯ ಹೆಸರು, ಹೊಸ ಹೆಸರು, ತಾರೀಖು, ಬದಲಿಸಿದ ಕಾರಣ ನಾಲ್ಕೂ ಟಿಪ್ಪಣಿ ಪುಸ್ತಕದಲ್ಲಿವೆ.

ಪ್ರಬಂಧದ ಪರಿಶೀಲಕರೊಬ್ಬರು ಕಪ್ಪಾ ಅಂಕ ಕೇಳಿದರು, ಅಂದರೆ ಇಬ್ಬರು ಓದುಗರು ಕೊಟ್ಟ ಕೋಡ್‌ಗಳು ಎಷ್ಟು ಹೊಂದುತ್ತವೆ ಎಂಬ ಅಳತೆ. ನಾನು ಬಳಸಿದ್ದು ಬ್ರೌನ್ ಮತ್ತು ಕ್ಲಾರ್ಕ್ ಅವರ ರಿಫ್ಲೆಕ್ಸಿವ್ ಥೀಮ್ಯಾಟಿಕ್ ವಿಶ್ಲೇಷಣೆ, ಅಂದರೆ ಸಂಶೋಧಕರ ಸ್ವಂತ ನೋಟವನ್ನೂ ವಿಶ್ಲೇಷಣೆಯ ಭಾಗವೆಂದೇ ಒಪ್ಪುವ ವಿಧಾನ. ಅದರಲ್ಲಿ ಎರಡನೇ ಓದುಗರು ಬರುವುದು ಒಮ್ಮತಕ್ಕಲ್ಲ, ನನಗೆ ಕಾಣದ್ದನ್ನು ತೋರಿಸುವುದಕ್ಕೆ. ಆದ್ದರಿಂದ ಅಂಕ ಲೆಕ್ಕ ಹಾಕದೆ, ಮೇಲಿನ ಕೋಡ್ ಬದಲಾದ ಬಗೆಯನ್ನೇ ಉದಾಹರಣೆಯಾಗಿ ಕೊಟ್ಟೆ. ಚೌಕಟ್ಟಿನ ವಿಧಾನ ಬಳಸಿ, ಮೊದಲೇ ಹೊಂದಿಸಿಟ್ಟ ಕೋಡ್ ಪಟ್ಟಿಯನ್ನು ತಂಡವಾಗಿ ಹಚ್ಚುವವರಿಗೆ ಆ ಅಂಕ ಅರ್ಥಪೂರ್ಣವಾಗಿರಬಹುದು. ಪ್ರಶ್ನೆ ನಾವು ಆರಿಸಿಕೊಂಡ ವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡಿ ಉತ್ತರಿಸಬೇಕು.

ಕೊನೆಗೆ ವಿಧಾನದ ಅಧ್ಯಾಯದಲ್ಲಿ ನಿಂತ ಸಾಲುಗಳು ಹೀಗಿವೆ: ‘ಸಂದರ್ಶಕಿ ಇಂಥ ದಾಖಲಾತಿಗಳಿಗೆ ಸ್ವತಃ ಸಹಿ ಮಾಡಿದವರು. ಇದರಿಂದ ಭಾಗವಹಿಸಿದವರು ಕಷ್ಟದ ಕೇಸ್‌ಗಳನ್ನು ಹೇಳಲು ಹಿಂಜರಿಯಲಿಲ್ಲ. ಆದರೆ ವೃತ್ತಿಯೊಳಗಿನ ರೂಢಿಗಳನ್ನು ವಿವರಿಸದೆ ದಾಟಿದರು. ಅಂಥ ಕಡೆ ಸಂದರ್ಶಕಿ ವಿವರಣೆ ಕೇಳಿದ್ದಾರೆ. ಕೇಳದೆ ಉಳಿದ ಕಡೆ ಅರ್ಥ ತುಂಬಿಲ್ಲ.’ ಮಾತು ಕನ್ನಡ-ಇಂಗ್ಲಿಷ್ ಬೆರೆತಿದ್ದರಿಂದ ಮೂಲದಲ್ಲೇ ಕೋಡ್ ಮಾಡಿ, ಉಲ್ಲೇಖಗಳನ್ನಷ್ಟೇ ಅನುವಾದಿಸಿದ್ದೇವೆ ಎಂದೂ ಸೇರಿಸಿದೆ.

ಗುರುತು ಮುಚ್ಚುವುದು ಬೇರೆ ಸಂಕಟ. ಜಿಲ್ಲಾ ಆಸ್ಪತ್ರೆಯಲ್ಲಿ ಒಬ್ಬರೇ ಮನೋವೈದ್ಯರಿದ್ದರೆ ಜಿಲ್ಲೆಯ ಹೆಸರೇ ಅವರ ಹೆಸರು. ಜಿಲ್ಲೆ, ಲಿಂಗ, ಸೇವಾವಧಿ ಮೂರನ್ನೂ ಉಲ್ಲೇಖಗಳ ಪಕ್ಕದಿಂದ ತೆಗೆದು, ತೆಗೆದಿದ್ದೇವೆ ಎಂದು ಬರೆದೆ. ಭಾಗವಹಿಸಿದವರಿಗೆ ಅವರವರ ಮಾತನ್ನು ಮರಳಿ ತೋರಿಸಿದಾಗ ಒಬ್ಬರು ‘ಹಿಡ್ಕೊಂಡ್ ಬಂದ್ರು’ ಎಂಬುದನ್ನು ‘ಕರ್ಕೊಂಡ್ ಬಂದ್ರು’ ಎಂದು ತಿದ್ದಲು ಕೋರಿದರು. ಗುರುತಿನ ಕಾರಣಕ್ಕೆ ಕೇಳಿದ ತಿದ್ದುಪಡಿಗಳನ್ನು ಒಪ್ಪುವುದು, ಉಳಿದವಕ್ಕೆ ಮೂಲ ಮಾತನ್ನು ಇಟ್ಟು ಅವರ ವಿವರಣೆಯನ್ನು ಪಕ್ಕದಲ್ಲಿ ಕೊಡುವುದು ಎಂದು ಸಮ್ಮತಿ ಪತ್ರದಲ್ಲೇ ಇದ್ದದ್ದರಿಂದ ಇಬ್ಬರಿಗೂ ಇರಿಸುಮುರಿಸಾಗಲಿಲ್ಲ.

ಮಿತಿಗಳ ಭಾಗದಲ್ಲಿ ಒಂದನ್ನು ಮಾತ್ರ ಒತ್ತಿ ಹೇಳಿದೆ: ಇವು ವೈದ್ಯರು ತಮ್ಮ ನಿರ್ಧಾರದ ಬಗ್ಗೆ ಹೇಳಿದ ಮಾತುಗಳು. ಆ ಕೋಣೆಯಲ್ಲಿ ನಿಜವಾಗಿ ಏನು ನಡೆಯಿತು, ಸಹಿ ಹಾಕಿದವನಿಗೆ ಹೇಗನ್ನಿಸಿತು ಎಂಬುದಕ್ಕೆ ಈ ಅಧ್ಯಯನ ಸಾಕ್ಷಿಯಲ್ಲ.